ಸಂಬಳ 20,000, ಖರ್ಚು ಎಷ್ಟು?

ರಾಯಚೂರಿನ ಹಳ್ಳಿಗಳಲ್ಲಿ ಮಕ್ಕಳ ಪೌಷ್ಟಿಕತೆಯ ಕೆಲಸಕ್ಕೆಂದು ಒಂದು ಸ್ವಯಂಸೇವಾ ಸಂಸ್ಥೆ ಎರಡು ವರ್ಷದ ಯೋಜನೆ ಬರೆಯುತ್ತಿದೆ ಎಂದುಕೊಳ್ಳಿ. ಕ್ಷೇತ್ರ ಸಂಯೋಜಕಿಗೆ ತಿಂಗಳಿಗೆ 20,000 ರೂಪಾಯಿ. ಹನ್ನೆರಡರಿಂದ ಗುಣಿಸಿ 2,40,000 ಎಂದು ಬಜೆಟ್‌ನಲ್ಲಿ ಬರೆದರೆ ಮೊದಲ ತಿಂಗಳಿಂದಲೇ ಹಣ ಸಾಲದು.

ಆ ಸಂಬಳದಲ್ಲಿ ಬೇಸಿಕ್ 15,000, ಮನೆ ಬಾಡಿಗೆ ಭತ್ಯೆ 5,000 ಇರಲಿ. ಪಿ.ಎಫ್.ಗೆ ಸಂಸ್ಥೆಯ ಪಾಲು ಬೇಸಿಕ್‌ನ ಶೇ. 12, ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13, ಅಂದರೆ 1,950. ಇ.ಎಸ್.ಐ.ಯನ್ನು ಬಾಡಿಗೆ ಭತ್ಯೆ ಬಿಟ್ಟು 15,000ದ ಮೇಲೆ ಶೇ. 3.25ರಂತೆ ಕಟ್ಟಬೇಕು: 488. ಗ್ರಾಚ್ಯುಟಿಗೆ ವರ್ಷಕ್ಕೆ ಹದಿನೈದು ದಿನದ ಬೇಸಿಕ್, ತಿಂಗಳಿಗೆ ಹಂಚಿದರೆ ಸುಮಾರು 721. ಎಲ್ಲ ಸೇರಿ ತಿಂಗಳಿಗೆ 23,159, ವರ್ಷಕ್ಕೆ 2,77,908. ಹತ್ತಿರ ಹತ್ತಿರ ಮೂವತ್ತೆಂಟು ಸಾವಿರದ ವ್ಯತ್ಯಾಸ.

ಹೆಚ್ಚಾಗಿ ಬಿಟ್ಟುಹೋಗುವುದು ಗ್ರಾಚ್ಯುಟಿ. ಐದು ವರ್ಷ ತುಂಬದವರಿಗೆ ಅದೇಕೆ ಎಂಬ ಹಳೆಯ ಲೆಕ್ಕ ಈಗ ನಡೆಯದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಯೇ ಸಾಕು. ಯೋಜನೆಯ ನೌಕರರು ಬಹುತೇಕ ಇಂಥವರೇ. ಬಜೆಟ್‌ನಲ್ಲಿ ಇಡದಿದ್ದರೆ ಯೋಜನೆ ಮುಗಿದ ದಿನ ಅವರಿಗೆ ಕೊಡಲು ಸಂಸ್ಥೆಯ ಕೈಯಲ್ಲಿ ಏನೂ ಇರುವುದಿಲ್ಲ. ಅದು ದುಡಿದವರಿಗೆ ಮಾಡುವ ಅನ್ಯಾಯ.

ಹಳ್ಳಿ ಸುತ್ತಾಟದ ಪೆಟ್ರೋಲನ್ನು ಸಂಬಳದಲ್ಲಿ ಸೇರಿಸಬಾರದು. ಪ್ರತಿ ತಿಂಗಳೂ ಎಲ್ಲರಿಗೂ ಒಂದೇ ಮೊತ್ತದ ಭತ್ಯೆಯಾಗಿ ಕೊಟ್ಟರೆ ಪಿ.ಎಫ್. ಇಲಾಖೆ ಅದನ್ನೂ ವೇತನವೆಂದು ಹಿಡಿಯಬಹುದು. ಓಡಾಡಿದ ಕಿಲೋಮೀಟರ್‌ಗೆ ತಕ್ಕಂತೆ ಪ್ರಯಾಣ ವೆಚ್ಚದ ಸಾಲಿನಲ್ಲಿ ತೋರಿಸುವುದು ಸರಿ.

ಎರಡನೇ ವರ್ಷಕ್ಕೆ ಶೇ. 5 ಏರಿಸಿದರೆ ಸಂಬಳ 21,000 ಆಗುತ್ತದೆ. ಇ.ಎಸ್.ಐ. ಮಿತಿಯೂ ಅಷ್ಟೇ. ಬಾಡಿಗೆ ಭತ್ಯೆ ಬಿಟ್ಟ ವೇತನ ಆ ಮಿತಿ ದಾಟಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಅವರ ಮನೆಯವರಿಗೆ ಇ.ಎಸ್.ಐ. ಆಸ್ಪತ್ರೆ ತಪ್ಪುತ್ತದೆ. ಅಲ್ಲಿ ಉಳಿಯುವ ಹಣವನ್ನು ಆರೋಗ್ಯ ವಿಮೆಗೆ ತೆಗೆದಿಡಬೇಕು.

ಇನ್ನು ಅರೆಕಾಲಿಕ ಪಾಲು. ಲೆಕ್ಕಿಗರು ಹಲವು ಯೋಜನೆಗಳಿಗೆ ದುಡಿಯುತ್ತಾರೆ. ಈ ಯೋಜನೆಗೆ ಶೇ. 25 ಎಂದರೆ 22 ಕೆಲಸದ ದಿನಗಳಲ್ಲಿ ಐದೂವರೆ ದಿನ. ಅವರ ಕೈಗೆ ಬರುವ ಸಂಬಳ 28,000, ಸಂಸ್ಥೆಗೆ ಬೀಳುವ ಒಟ್ಟು ವೆಚ್ಚ 36,000 ಇದ್ದರೆ ಕಾಲುಭಾಗ ತೆಗೆಯಬೇಕಾದ್ದು 36,000ದಲ್ಲಿ, ಅಂದರೆ 9,000. ಕೈಗೆ ಬರುವ ಮೊತ್ತದಲ್ಲಿ ತೆಗೆದರೆ ತಿಂಗಳಿಗೆ 2,000 ಖೋತಾ. ಶೇ. 25 ಎಂಬುದನ್ನು ಊಹಿಸುವ ಬದಲು ಹಿಂದಿನ ಯೋಜನೆಗಳ ಟೈಮ್‌ಶೀಟ್ ನೋಡಿ ಬರೆಯಬೇಕು. ಲೆಕ್ಕಪರಿಶೋಧಕರು ಎಲ್ಲ ಯೋಜನೆಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಒಬ್ಬರ ಹೆಸರಿನ ಮುಂದಿನ ಪಾಲುಗಳನ್ನು ಕೂಡುತ್ತಾರೆ. ಮೊತ್ತ ನೂರು ದಾಟಿದರೆ ಒಂದೇ ದುಡಿಮೆಗೆ ಇಬ್ಬರು ದಾನಿಗಳಿಂದ ಹಣ ಪಡೆದಂತೆ, ಹೆಚ್ಚಾದದ್ದನ್ನು ಹಿಂದಿರುಗಿಸಬೇಕಾಗುತ್ತದೆ.