ಗೋವಿನಜೋಳದ ಲೆಕ್ಕದಲ್ಲಿ ತಪ್ಪಿದ ಗುಂಟೆ

ಹಾವೇರಿ ಕಡೆಯ ರೈತರೊಬ್ಬರು ಗೋವಿನಜೋಳದ ರಾಶಿ ಮುಗಿದ ಮೇಲೆ ಹೀಗೊಂದು ಲೆಕ್ಕ ಬರೆದಿದ್ದಾರೆ ಎಂದುಕೊಳ್ಳಿ. ಜಮೀನು 2.20 ಎಕರೆ. ಫಸಲು 55 ಕ್ವಿಂಟಲ್, ಅಂದರೆ ಎಕರೆಗೆ 25. ಕ್ವಿಂಟಲಿಗೆ 2,000 ರೂಪಾಯಿಯಂತೆ ಎಕರೆಗೆ ಆದಾಯ 50,000, ಖರ್ಚು 22,000, ಉಳಿದ ಲಾಭ 28,000. ಕೂಡುವುದು, ಕಳೆಯುವುದು ಎಲ್ಲ ಸರಿಯಾಗಿಯೇ ಇದೆ.

ಈಗ ಇದೇ ಲೆಕ್ಕವನ್ನು ಇಡೀ ಹೊಲಕ್ಕೆ ಹಾಕಿ ನೋಡೋಣ. 55 ಕ್ವಿಂಟಲಿಗೆ ಬಂದದ್ದು 1,10,000. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿಯ ಚೀಟಿಗಳನ್ನು ಕೂಡಿದರೆ 55,000. ಉಳಿದದ್ದು 55,000. ಆದರೆ 28,000ವನ್ನು 2.20ರಿಂದ ಗುಣಿಸಿದರೆ 61,600 ಬರುತ್ತದೆ. 6,600 ರೂಪಾಯಿ ಎಲ್ಲಿಂದ ಬಂತು?

ಪ್ರತಿ ಸಾಲಿನ ಒಟ್ಟು ಮೊತ್ತವನ್ನು ಅದರ ಎಕರೆವಾರು ಅಂಕಿಯಿಂದ ಭಾಗಿಸಿದರೆ ಗುಟ್ಟು ಸಿಗುತ್ತದೆ. ಎಲ್ಲ ಸಾಲಿನಲ್ಲೂ ಒಂದೇ ಕ್ಷೇತ್ರ ಬರಬೇಕು. ಇಲ್ಲಿ ಖರ್ಚಿನ ಸಾಲು 2.5 ಎಕರೆ ಅನ್ನುತ್ತದೆ, ಫಸಲಿನ ಸಾಲು 2.2 ಅನ್ನುತ್ತದೆ. ಪಹಣಿಯ 2.20 ಎಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಫಸಲನ್ನು ಭಾಗಿಸುವಾಗ ಕ್ಯಾಲ್ಕುಲೇಟರಿಗೆ ಪಹಣಿಯ ಅಂಕಿಯನ್ನೇ ಒತ್ತಿದ್ದಾರೆ. ನಿಜವಾದ ಇಳುವರಿ ಎಕರೆಗೆ 22 ಕ್ವಿಂಟಲ್, ಲಾಭ 22,000.

ಎರಡೂ ಸಾಲನ್ನು 2.2ರಿಂದಲೇ ಭಾಗಿಸಿದ್ದರೆ? ಆಗ ಮೊತ್ತಗಳು ಚೆನ್ನಾಗಿ ತಾಳೆಯಾಗಿ ತಪ್ಪು ಅಡಗಿಕೊಂಡುಬಿಡುತ್ತಿತ್ತು. ಅಂಥ ತಪ್ಪಿಗೆ ರೂಪಾಯಿ ಬಿಟ್ಟು ವಸ್ತುವನ್ನು ಎಣಿಸಬೇಕು. ನಾಲ್ಕು ಕಿಲೋ ಬೀಜದ ಐದು ಪೊಟ್ಟಣ ಬಿತ್ತಿದ್ದರೆ ಒಟ್ಟು 20 ಕಿಲೋ. ಎರಡೂವರೆ ಎಕರೆಗೆ ಹಂಚಿದರೆ ಎಕರೆಗೆ ಎಂಟು, ಅಂದರೆ ಸರಿಯಾಗಿ ಎರಡು ಪೊಟ್ಟಣ. 2.2ಕ್ಕೆ ಹಂಚಿದರೆ ಒಂಬತ್ತು ದಾಟುತ್ತದೆ. ಎಕರೆಗೆ ಎರಡೇ ಪೊಟ್ಟಣ ಬಿತ್ತಿದ ನೆನಪು ರೈತರಿಗಿದ್ದರೆ ಕ್ಷೇತ್ರದ ಅಂಕಿಯ ಮೇಲೆ ಅನುಮಾನ ಹುಟ್ಟಲೇಬೇಕು.

ಇನ್ನೊಂದು ಪ್ರಶ್ನೆ: ಆ 55 ಕ್ವಿಂಟಲ್ ಎಲ್ಲಿ ತೂಗಿದ್ದು? ರಾಶಿ ಮಾಡಿದ ದಿನ ಕಾಳಿನಲ್ಲಿ ಶೇ. 20ರಷ್ಟು ತೇವವಿದ್ದು, ಒಣಗಿಸಿ ಶೇ. 14ಕ್ಕೆ ತಂದು ಮಾರಿದ್ದರೆ ತೂಕ ಸುಮಾರು 51 ಕ್ವಿಂಟಲಿಗೆ ಇಳಿದಿರುತ್ತದೆ. ಹಸಿ ತೂಕಕ್ಕೆ ಒಣ ಕಾಳಿನ ದರ ಕಟ್ಟುವುದು ನನ್ನ ಪ್ರಕಾರ ಗುಂಟೆಯ ತಪ್ಪಿಗಿಂತ ಕೆಟ್ಟದ್ದು, ಏಕೆಂದರೆ ಎಷ್ಟು ಗುಣಿಸಿದರೂ ಭಾಗಿಸಿದರೂ ಅದು ಕಾಣುವುದಿಲ್ಲ. ಮಾರುಕಟ್ಟೆಯ ತೂಕದ ಚೀಟಿಯನ್ನು ಪಕ್ಕದಲ್ಲಿಟ್ಟಾಗ ಮಾತ್ರ ಹೊರಬರುತ್ತದೆ. 51ರಂತೆ ಆದಾಯ 1,02,000. ಖರ್ಚು ಕಳೆದು ಎರಡೂವರೆಯಿಂದ ಭಾಗಿಸಿದರೆ ಎಕರೆಗೆ ಲಾಭ 18,800. ಮನೆಯವರು ಕಳೆ ತೆಗೆದ ದಿನಗಳಿಗೆ ಇದರಲ್ಲಿ ಇನ್ನೂ ಕೂಲಿ ಕಟ್ಟಿಲ್ಲ.