ಬರಿದಾಗುವ ತೊಟ್ಟಿಯ ಸಮೀಕರಣ

ನೀರು ತುಂಬಿದ ತೊಟ್ಟಿಯ ತಳದಲ್ಲಿ ತೂತು ತೆರೆದರೆ ಮೊದಲು ನೀರು ರಭಸದಿಂದ ಚಿಮ್ಮುತ್ತದೆ. ಮಟ್ಟ ಇಳಿದಂತೆ ಧಾರೆಯೂ ಸೊರಗುತ್ತದೆ. ಧಾರೆಯ ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಇಟಲಿಯ ಎವಾಂಜೆಲಿಸ್ತಾ ಟಾರಿಚೆಲಿ 1644ರಲ್ಲಿ ಪ್ರಕಟಿಸಿದ. ಎತ್ತರ ಕಾಲು ಭಾಗಕ್ಕೆ ಇಳಿದಾಗ ವೇಗ ಅರ್ಧಕ್ಕೆ ಇಳಿಯುತ್ತದೆ ಎಂದು ಇದರ ಅರ್ಥ. ಹಾಗಾದರೆ ತೊಟ್ಟಿ ಬರಿದಾಗಲು ಎಷ್ಟು ಹೊತ್ತು ಬೇಕು? ಸರಳ ಭಾಗಾಕಾರದಿಂದ ಉತ್ತರ ಸಿಗದು. ಮಟ್ಟ ಇಳಿಯುವ ದರ ಆ ಕ್ಷಣದ ಮಟ್ಟವನ್ನು ಅವಲಂಬಿಸಿದೆ, ಮಟ್ಟವಾದರೋ ಆ ದರದಿಂದಲೇ ಬದಲಾಗುತ್ತಿದೆ.

ಒಂದು ಪ್ರಮಾಣ ಮತ್ತು ಅದು ಬದಲಾಗುವ ದರ, ಇವೆರಡರ ನಡುವಿನ ಇಂಥ ಸಂಬಂಧವನ್ನು ಹೇಳುವುದೇ ಅವಕಲ ಸಮೀಕರಣ. ಬದಲಾವಣೆಯ ದರ ಮಾತ್ರ ಬಂದು, ದರದ ದರ ಬಾರದೇ ಇದ್ದರೆ ಅದು ಮೊದಲ ದರ್ಜೆಯದು. ಒಂದು ಮೀಟರ್ ವ್ಯಾಸದ ನೆಟ್ಟನೆಯ ಉರುಳೆಯಾಕಾರದ ತೊಟ್ಟಿಯಲ್ಲಿ 100 ಸೆಂ.ಮೀ. ನೀರಿದೆ, ತಳದ ತೂತಿನ ವ್ಯಾಸ 2 ಸೆಂ.ಮೀ. ಎಂದಿಟ್ಟುಕೊಳ್ಳೋಣ. ತೂತಿನ ವಿಸ್ತೀರ್ಣ ತೊಟ್ಟಿಯ ವಿಸ್ತೀರ್ಣದ 2500ನೇ ಒಂದು ಭಾಗ. ಚೂಪು ಅಂಚಿನ ತೂತಿನಿಂದ ಹೊರಬೀಳುವ ಧಾರೆ ಸ್ವಲ್ಪ ಕುಗ್ಗುವುದರಿಂದ ಹರಿವು ಲೆಕ್ಕಕ್ಕಿಂತ ಕಡಿಮೆಯಾಗಿ, ಸುಮಾರು 0.6 ಪಾಲಿನಷ್ಟಿರುತ್ತದೆ. ಗುರುತ್ವದ ಬೆಲೆಯನ್ನೂ ಸೇರಿಸಿ ಎತ್ತರವನ್ನು ಸೆಂ.ಮೀ.ನಲ್ಲಿ, ಕಾಲವನ್ನು ನಿಮಿಷದಲ್ಲಿ ಅಳೆದರೆ ಸಮೀಕರಣ ಹೀಗಾಗುತ್ತದೆ:

dh/dt = −0.64√h, h(0) = 100

ಮೊದಲ ಭಾಗ ನಿಯಮ. ತೊಟ್ಟಿಯಲ್ಲಿ ಎಷ್ಟೇ ನೀರಿರಲಿ ಅದು ಅನ್ವಯಿಸುತ್ತದೆ. ಎರಡನೆಯ ಭಾಗ ಆರಂಭಿಕ ಷರತ್ತು. ಗಡಿಯಾರ ಶುರುವಾದಾಗ ಈ ತೊಟ್ಟಿಯಲ್ಲಿ ಎಷ್ಟು ನೀರಿತ್ತೆಂಬುದನ್ನು ಅದು ಹೇಳುತ್ತದೆ.

ಬಿಡಿಸುವ ಉಪಾಯ ಲೈಬ್ನಿಟ್ಸ್ 1691ರಲ್ಲಿ ಹಾಯ್ಗೆನ್ಸ್‌ಗೆ ಬರೆದ ಪತ್ರದಲ್ಲಿದೆ: h ಇರುವುದನ್ನೆಲ್ಲ ಒಂದು ಬದಿಗೆ, t ಇರುವುದನ್ನೆಲ್ಲ ಇನ್ನೊಂದು ಬದಿಗೆ ತರಬೇಕು. ಇಲ್ಲಿ ಎರಡೂ ಬದಿಯನ್ನು √hನಿಂದ ಭಾಗಿಸಿದರೆ ಸಾಕು:

dh/√h = −0.64 dt

dh/dt ಎಂಬುದು ನಿಜವಾದ ಭಿನ್ನರಾಶಿಯಲ್ಲ, ಅದನ್ನು ಹೀಗೆ ಬಿಡಿಸಬಹುದೇ ಎಂಬ ಅನುಮಾನ ನ್ಯಾಯವಾದದ್ದೇ. ವಾಸ್ತವದಲ್ಲಿ ನಡೆಯುವುದು ಇಷ್ಟು: (1/√h)(dh/dt) = −0.64 ಎಂದು ಬರೆದು ಎರಡೂ ಬದಿಯನ್ನು ಕಾಲದ ಮೇಲೆ ಅನುಕಲಿಸಲಾಗುತ್ತದೆ. ಎಡಬದಿಯು 2√h ಎಂಬುದರ ಅವಕಲನವೇ ಆಗಿರುವುದರಿಂದ ಅನುಕಲನ ನೇರವಾಗಿ ಸಿಗುತ್ತದೆ. dh ಮತ್ತು dtಗಳನ್ನು ಬೇರೆ ಬೇರೆ ಬರೆಯುವುದು ಈ ಹೆಜ್ಜೆಯ ಸಂಕ್ಷಿಪ್ತ ರೂಪ.

2√h = −0.64t + C

ಆರಂಭಿಕ ಷರತ್ತನ್ನು ಬಳಸಬೇಕಾದ ಜಾಗ ಇದೇ. t = 0 ಆದಾಗ h = 100; ಆದ್ದರಿಂದ C = 20. ಎರಡರಿಂದ ಭಾಗಿಸಿ ವರ್ಗ ಮಾಡಿದರೆ

h = (10 − 0.32t)²

ಹತ್ತು ನಿಮಿಷದ ನಂತರ ಮಟ್ಟ 6.8ರ ವರ್ಗ, ಅಂದರೆ ಸುಮಾರು 46 ಸೆಂ.ಮೀ. ಆವರಣದೊಳಗಿನ ಬೆಲೆ ಸೊನ್ನೆಯಾಗುವುದು 31.25 ನಿಮಿಷಕ್ಕೆ, ಆಗ ತೊಟ್ಟಿ ಬರಿದು. ಮೊದಲ ಕ್ಷಣದ ದರ ನಿಮಿಷಕ್ಕೆ 6.4 ಸೆಂ.ಮೀ. ಅದೇ ದರ ಕೊನೆಯವರೆಗೂ ಉಳಿದಿದ್ದರೆ ಇದರ ಸರಿಯಾಗಿ ಅರ್ಧ ಹೊತ್ತು ಸಾಕಾಗುತ್ತಿತ್ತು. ಮೊದಲ ಅರ್ಧ ನೀರು ಸುಮಾರು 9 ನಿಮಿಷದಲ್ಲೇ ಹೋಗುತ್ತದೆ, ಉಳಿದರ್ಧಕ್ಕೆ 22 ನಿಮಿಷ ಬೇಕು. ಕೊನೆಯ ಎರಡು ಮೂರು ಸೆಂಟಿಮೀಟರಿನಲ್ಲಿ ಮಾತ್ರ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ನೀರಿನ ಆಳ ತೂತಿನ ಅಗಲಕ್ಕೆ ಸಮೀಪಿಸಿದಾಗ ಟಾರಿಚೆಲಿಯ ನಿಯಮವೇ ಸಡಿಲವಾಗುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು C ಇಡುವ ಜಾಗದಲ್ಲಿ. ಅನುಕಲಿಸುವಾಗ ಅದನ್ನು ಮರೆತು √h = −0.32t ಎಂದು ಬರೆದು, ವರ್ಗ ಮಾಡಿದ ಮೇಲೆ ನೆನಪಾಗಿ ಕೊನೆಯಲ್ಲಿ ಸೇರಿಸಿದರೆ h = 0.1024t² + 100 ಎಂದಾಗುತ್ತದೆ. t = 0 ಹಾಕಿದರೆ 100 ಬರುತ್ತದೆ, ಹಾಗಾಗಿ ಆರಂಭಿಕ ಷರತ್ತೇನೋ ಸರಿಹೋಯಿತು. ಆದರೆ ಈ ಉತ್ತರದಲ್ಲಿ ನೀರು ಇಳಿಯುವ ಬದಲು ಏರುತ್ತಿದೆ! ಆದ್ದರಿಂದ ಷರತ್ತನ್ನಷ್ಟೇ ಪರೀಕ್ಷಿಸಿದರೆ ಸಾಲದು, ಉತ್ತರವನ್ನು ಅವಕಲಿಸಿ ಮೂಲ ಸಮೀಕರಣದಲ್ಲೂ ಇಟ್ಟು ನೋಡಬೇಕು. ಸರಿಯಾದ ಉತ್ತರವನ್ನು ಅವಕಲಿಸಿದರೆ −0.64(10 − 0.32t) ಬರುತ್ತದೆ, ಅದು −0.64√h ಆಗಿಯೇ ಇದೆ. C ಮರೆಯುವ ಭಯವೇ ಬೇಡವೆನ್ನುವವರು ಎಡಬದಿಯನ್ನು 100ರಿಂದ hವರೆಗೆ, ಬಲಬದಿಯನ್ನು 0ಯಿಂದ tವರೆಗೆ ಅನುಕಲಿಸಬಹುದು. ಷರತ್ತು ಮಿತಿಗಳಲ್ಲೇ ಸೇರಿಹೋಗುತ್ತದೆ.

ಎಲ್ಲ ಸಮೀಕರಣಗಳೂ ಹೀಗೆ ಬೇರೆಯಾಗುವುದಿಲ್ಲ. ಮೇಲಿನಿಂದ ಒಂದೇ ಸಮನೆ ನೀರು ಬೀಳುತ್ತಿದ್ದರೆ ಬಲಬದಿಯಲ್ಲಿ ಒಂದು ಸ್ಥಿರಾಂಕ ಕೂಡುತ್ತದೆ. ಆಗಲೂ ಅಲ್ಲಿರುವುದು h ಮಾತ್ರವಾದ್ದರಿಂದ ಬೇರ್ಪಡಿಸಬಹುದು. ಆದರೆ ನಲ್ಲಿಯ ಹರಿವು ಹೊತ್ತಿನೊಂದಿಗೆ ಹೆಚ್ಚುತ್ತಾ ಹೋದರೆ ಬಲಬದಿ t − 0.64√h ಎಂಬಂಥ ಮೊತ್ತವಾಗುತ್ತದೆ. ಅದನ್ನು tಯದೊಂದು ಭಾಗ, hನದೊಂದು ಭಾಗ ಎಂಬ ಗುಣಲಬ್ಧವಾಗಿ ಒಡೆಯಲಾಗದು, ಅಲ್ಲಿ ಈ ವಿಧಾನ ನಡೆಯದು.

ಇನ್ನು ಗಡಿಯಾರ 31.25 ನಿಮಿಷ ದಾಟಲಿ. 40ನೇ ನಿಮಿಷಕ್ಕೆ ಸೂತ್ರ −2.8ರ ವರ್ಗವನ್ನು, ಅಂದರೆ 7.84 ಸೆಂ.ಮೀ. ನೀರನ್ನು ಕೊಡುತ್ತದೆ. ಬರಿದಾದ ತೊಟ್ಟಿ ತಾನಾಗಿ ತುಂಬತೊಡಗಿತೇ? ತಪ್ಪು ವರ್ಗ ಮಾಡಿದ ಹೆಜ್ಜೆಯಲ್ಲಿ ಅಡಗಿದೆ. ಅದಕ್ಕೂ ಮುಂಚಿನ ಸಾಲು √h = 10 − 0.32t, ವರ್ಗಮೂಲ ಋಣಾತ್ಮಕವಾಗುವಂತಿಲ್ಲ, ಹಾಗಾಗಿ ಆ ಸಾಲು 31.25 ನಿಮಿಷದವರೆಗೆ ಮಾತ್ರ ನಿಜ. ವರ್ಗ ಮಾಡಿದೊಡನೆ ಆ ಎಚ್ಚರಿಕೆ ಅಳಿಸಿಹೋಯಿತು. ಉತ್ತರದ ಜೊತೆಗೆ ಅದು ಸಲ್ಲುವ ಕಾಲಾವಧಿಯನ್ನೂ ಬರೆಯಬೇಕೆನ್ನುವುದು ಇದಕ್ಕೇ.

ಆಮೇಲೆ ಏನಾಗುತ್ತದೆಂಬುದನ್ನು ತಿಳಿಯಲು √hನಿಂದ ಭಾಗಿಸಿದ ಹೆಜ್ಜೆಗೇ ಮರಳಬೇಕು. h ಸೊನ್ನೆಯಲ್ಲದಿದ್ದರೆ ಮಾತ್ರ ಆ ಭಾಗಾಕಾರ ಸಾಧ್ಯ. ಆದರೆ h ಸದಾ ಸೊನ್ನೆಯಾಗಿರುವುದೂ ಸಮೀಕರಣಕ್ಕೆ ಒಪ್ಪುವ ಉತ್ತರವೇ: ಖಾಲಿ ತೊಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. C ಎಷ್ಟೇ ಆದರೂ ಈ ಉತ್ತರ ಸೂತ್ರದಿಂದ ಹೊರಬಾರದು. ಭಾಗಿಸುವ ಮೊದಲೇ ಅದನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕು. ತೊಟ್ಟಿಯ ಪೂರ್ಣ ಕಥೆ ಎರಡನ್ನೂ ಜೋಡಿಸಿದ್ದು: 31.25 ನಿಮಿಷದವರೆಗೆ (10 − 0.32t)², ಅಲ್ಲಿಂದಾಚೆ ಸೊನ್ನೆ. ಸೇರುವ ಬಿಂದುವಿನಲ್ಲಿ ಎರಡರ ಬೆಲೆಯೂ ಸೊನ್ನೆ, ದರವೂ ಸೊನ್ನೆ; ಆದ್ದರಿಂದ ಜೋಡಣೆಯಲ್ಲಿ ಎಲ್ಲೂ ಮುರಿತವಿಲ್ಲ.

ಈ ಜೋಡಣೆ ಆರಂಭಿಕ ಷರತ್ತಿನ ಶಕ್ತಿಗೂ ಒಂದು ಮಿತಿ ಹಾಕುತ್ತದೆ. h(0) = 100 ಎಂದಾಗ ಮುಂದಿನ ಉತ್ತರ ಒಂದೇ ಒಂದು. ಆದರೆ ಈಗ ತೊಟ್ಟಿ ಖಾಲಿಯಿದೆ, h(0) = 0 ಎಂದಷ್ಟೇ ಕೊಟ್ಟು ಹಿಂದೆ ಏನಿತ್ತೆಂದು ಕೇಳಿದರೆ ಉತ್ತರಗಳಿಗೆ ಲೆಕ್ಕವಿಲ್ಲ. ಅದು ಈಗಷ್ಟೇ ಬರಿದಾಗಿರಬಹುದು, ನಿನ್ನೆಯೇ ಆಗಿರಬಹುದು, ಎಂದೂ ತುಂಬದೆಯೂ ಇದ್ದಿರಬಹುದು. ಎಲ್ಲವೂ ಅದೇ ಸಮೀಕರಣವನ್ನು, ಅದೇ ಷರತ್ತನ್ನು ಪಾಲಿಸುತ್ತವೆ. h ಸೊನ್ನೆಯನ್ನು ಸಮೀಪಿಸಿದಂತೆ √hನ ಇಳಿಜಾರು ಮಿತಿಯಿಲ್ಲದೆ ಕಡಿದಾಗುವುದೇ ಇದಕ್ಕೆ ಕಾರಣ. ದರವು ವರ್ಗಮೂಲದ ಬದಲು hಗೇ ಅನುಪಾತದಲ್ಲಿದ್ದಿದ್ದರೆ, ವಿಕಿರಣಶೀಲ ವಸ್ತುವಿನ ಕ್ಷಯದಲ್ಲಿ ಇರುವಂತೆ, ಇಂಥ ಗೊಂದಲ ಹುಟ್ಟುತ್ತಿರಲಿಲ್ಲ: ಅಲ್ಲಿ ಪ್ರಮಾಣ ಕುಗ್ಗುತ್ತಲೇ ಹೋಗುತ್ತದೆ, ಯಾವ ಕ್ಷಣದಲ್ಲೂ ಸೊನ್ನೆ ಮುಟ್ಟುವುದಿಲ್ಲ, ಯಾವ ಕ್ಷಣದ ಅಳತೆಯಿಂದಲೂ ಹಿಂದಿನದನ್ನು ಲೆಕ್ಕ ಹಾಕಬಹುದು.