ನೀಲಿ ಮುಚ್ಚಳದ ಯೂರಿಯಾ ನೀರು

ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಹತ್ತಿರ ನೀಲಿ ಮುಚ್ಚಳದ ಸಣ್ಣ ಟ್ಯಾಂಕ್ ನೋಡಿದ್ದೀರಾ? ಅದರಲ್ಲಿರುವುದು ಡಿಇಎಫ್. ತೂಕದಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು.

ಎಂಜಿನ್ ಒಳಗಿನ ವಿಪರೀತ ಬಿಸಿಗೆ ಗಾಳಿಯ ಸಾರಜನಕ, ಆಮ್ಲಜನಕ ಎರಡೂ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಶ್ವಾಸಕೋಶವನ್ನು ಕೆಡಿಸುವ ಅನಿಲ ಇದು. ಹೊಗೆ ಹೊರಡುವ ಕೊಳವೆಯಲ್ಲೇ ಒಂದು ನಾಜಲ್ ಡಿಇಎಫ್ ಅನ್ನು ಸಿಂಪಡಿಸುತ್ತದೆ. ನೀರು ಆವಿಯಾಗಿ, ಯೂರಿಯಾ ಒಡೆದು ಅಮೋನಿಯಾ ಹುಟ್ಟುತ್ತದೆ. ಮುಂದೆ ಜೇನುಗೂಡಿನಂಥ ಕ್ಯಾಟಲಿಸ್ಟ್. ಅಮೋನಿಯಾ ಅದರ ಗೋಡೆಗೆ ಅಂಟಿ ಕೂತು, ಹಾದುಹೋಗುವ ನೈಟ್ರೋಜನ್ ಆಕ್ಸೈಡನ್ನು ಹಿಡಿದು ಮುರಿಯುತ್ತದೆ. ಹೊರಬರುವುದು ಸಾರಜನಕ ಮತ್ತು ನೀರಾವಿ. ನಾವು ಉಸಿರಾಡುವ ಗಾಳಿಯ ಬಹುಪಾಲು ಇದೇ ಸಾರಜನಕ!

ಆದರೆ ಇದೆಲ್ಲ ನಡೆಯಲು ಹೊಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆದರೂ ಬಿಸಿಯಿರಬೇಕು. ಟ್ರಾಫಿಕ್‌ನಲ್ಲಿ ತೆವಳುವ ಗಾಡಿಯಲ್ಲಿ ಆ ಬಿಸಿ ಸಿಗದೆ, ಯೂರಿಯಾ ಪೂರ್ತಿ ಒಡೆಯದೆ, ನಾಜಲ್ ಸುತ್ತ ಸುಣ್ಣದಂಥ ಬಿಳಿ ಗಟ್ಟಿ ಪದರ ಕಟ್ಟುತ್ತದೆ.

ಈಗ ಲೆಕ್ಕ ನೋಡಿ. 100 ಲೀಟರ್ ಡೀಸೆಲ್‌ಗೆ ಸುಮಾರು 5 ಲೀಟರ್ ಡಿಇಎಫ್ ಬೇಕು ಅಂದುಕೊಳ್ಳಿ. ಅದರಲ್ಲಿ ಯೂರಿಯಾ ಎರಡು ಕಿಲೋ ಕೂಡ ಇಲ್ಲ. ಹಾಗಾದರೆ ಗೊಬ್ಬರದ ಮೂಟೆಯಿಂದ ಅಷ್ಟನ್ನು ತೆಗೆದು ನಲ್ಲಿ ನೀರಿಗೆ ಕಲಸಿದರೆ ಆಗದೇ? ದಯವಿಟ್ಟು ಬೇಡ. ಗೊಬ್ಬರದಲ್ಲಿ ಬೇವಿನೆಣ್ಣೆಯ ಲೇಪ, ಕಲ್ಮಶ ಇರುತ್ತದೆ. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ. ನಾಜಲ್ ಕಟ್ಟಿಕೊಳ್ಳುತ್ತದೆ, ಕ್ಯಾಟಲಿಸ್ಟ್ ಮುಚ್ಚಿಹೋಗುತ್ತದೆ. ಮೊದಲು ಡ್ಯಾಶ್‌ಬೋರ್ಡಿನ ದೀಪ ಹತ್ತುತ್ತದೆ. ಆಮೇಲೆ ಘಾಟಿ ಏರುವಾಗಲೇ ಗಾಡಿಯ ಪಿಕಪ್ ಇಳಿಯುತ್ತದೆ.